ಶೂ ಬ್ರೌನ್, ಬೆಲ್ಟ್ ಬ್ರೌನ್, ಆದರೂ ಹೊಂದುತ್ತಿಲ್ಲ. ಯಾಕೆ?

ಸುಹಾಸ್_ಶಿವಮೊಗ್ಗ

ಮುಂದಿನ ತಿಂಗಳು ಚಿಕ್ಕಪ್ಪನ ಮಗನ ರಿಸೆಪ್ಷನ್ ಇದೆ. ನೇವಿ ಬ್ಲೂ ಪ್ಯಾಂಟು, ಬಿಳಿ ಶರ್ಟು, ಮೇಲೊಂದು ಬ್ಲೇಜರ್ ಅಂತ ನಿರ್ಧಾರ ಆಗಿದೆ. ಶೂ ಡಾರ್ಕ್ ಬ್ರೌನ್, ಲೇಸ್ ಇರುವ ಡರ್ಬಿ. ಬೆಲ್ಟೂ ಬ್ರೌನೇ. ಶೂ ಪಕ್ಕದಲ್ಲಿ ಇಟ್ಟುಕೊಂಡು, ಫೋನಿನಲ್ಲಿ ಬಣ್ಣ ನೋಡಿಯೇ ಆನ್‌ಲೈನ್‌ನಲ್ಲಿ ತರಿಸಿದೆ. ಕೈಗೆ ಅಪ್ಪನ ಹಳೆ ಎಚ್‌ಎಂಟಿ ಕಟ್ಟಬೇಕು ಅಂತ ಆಸೆ. ಕೇಸು ಬಂಗಾರದ ಬಣ್ಣದ್ದು, ಸ್ಟ್ರ್ಯಾಪ್ ಕಪ್ಪು.

ಎಲ್ಲಾ ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ಏನೋ ಸರಿ ಇಲ್ಲ. ಹೆಂಡತಿ ನೋಡಿ "ಬೆಲ್ಟ್ ಯಾರದ್ದೋ ಎರವಲು ತಂದ ಹಾಗಿದೆ" ಅಂದಳು. ಎರಡೂ ಬ್ರೌನ್, ಎರಡೂ ಸುಮಾರು ಒಂದೇ ಗಾಢ. ಹಾಗಾದರೆ ತಪ್ಪು ಎಲ್ಲಿದೆ? ಜಾಸ್ತಿ ಖರ್ಚಿಲ್ಲದೆ ಸರಿ ಮಾಡಬಹುದಾ?

ರೂಲ್ಸ್_ರಂಗಣ್ಣ

ತುಂಬಾ ಸಿಂಪಲ್ ಗುರು. ಶೂ, ಬೆಲ್ಟ್, ವಾಚ್ ಸ್ಟ್ರ್ಯಾಪ್ ಮೂರೂ ಒಂದೇ ಬಣ್ಣ ಇರಬೇಕು, ಅಚ್ಚೊತ್ತಿದ ಹಾಗೆ. ಬಕಲ್ ಮತ್ತು ವಾಚ್ ಕೇಸು ಒಂದೇ ಲೋಹದ ಬಣ್ಣ ಇರಬೇಕು. ಒಂದೇ ಅಂಗಡಿಯಲ್ಲಿ, ಒಂದೇ ದಿನ, ಒಂದೇ ಕಂಪನಿಯದು ತಗೊಂಡರೆ ಈ ತಲೆನೋವೇ ಇಲ್ಲ. ನಿನ್ನದು ಬೇರೆ ಬೇರೆ ಕಡೆಯದು, ಅದಕ್ಕೇ ಹೊಂದುತ್ತಿಲ್ಲ.

ಪಟ್ಟಿ_ಬಕ್ಕಲ್

ರಂಗಣ್ಣ ಹೇಳಿದ್ದರಲ್ಲಿ ಬಕಲ್ ಮಾತು ಒಪ್ಪುತ್ತೇನೆ. ಉಳಿದದ್ದು ಅರ್ಧ ಸರಿ. ನಮ್ಮ ಮನೆಯಲ್ಲಿ ಬೆಲ್ಟ್, ಪರ್ಸ್ ಹೊಲಿಯುವ ಕೆಲಸ ಇದೆ, ಹುಬ್ಬಳ್ಳಿಯಲ್ಲಿ. ಒಂದೇ ಕಂಪನಿಯ ಶೂ ಮತ್ತು ಬೆಲ್ಟಿಗೂ ಚರ್ಮ ಬೇರೆ ಬೇರೆ ಕಡೆಯಿಂದ ಬರುತ್ತದೆ. ಡಬ್ಬದ ಮೇಲೆ "ಬ್ರೌನ್" ಅಂತ ಒಂದೇ ಹೆಸರಿದ್ದರೂ ಒಳಗಿರುವ ಬಣ್ಣ ಒಂದೇ ಅಂತ ನಂಬಬೇಡಿ.

ಸುಹಾಸ್, ಒಂದು ಕೆಲಸ ಮಾಡಿ. ಹಗಲಲ್ಲಿ ಕಿಟಕಿ ಹತ್ತಿರ, ನೇರ ಬಿಸಿಲು ಬೀಳದ ಕಡೆ, ಒಂದು ಬಿಳಿ ಹಾಳೆ ಹಾಸಿ. ಅದರ ಮೇಲೆ ಶೂ, ಬೆಲ್ಟ್ ಎರಡನ್ನೂ ತಾಗಿಸಿ ಇಟ್ಟು ಫೋಟೋ ತೆಗೆಯಿರಿ. ಲೈಟು, ಫ್ಲ್ಯಾಶ್ ಎರಡೂ ಬೇಡ. ಬಿಳಿ ಹಾಳೆ ಯಾಕೆ ಅಂದರೆ, ಫೋಟೋದಲ್ಲಿ ಅದು ಹಳದಿಯಾಗಿಯೋ ನೀಲಿಯಾಗಿಯೋ ಕಂಡರೆ ಚರ್ಮದ ಬಣ್ಣವೂ ಅಷ್ಟೇ ಸುಳ್ಳು ಹೇಳುತ್ತಿದೆ ಅಂತ ಗೊತ್ತಾಗುತ್ತದೆ. ಆಮೇಲೆ ಅದೇ ಫೋಟೋವನ್ನು ಎಡಿಟ್‌ನಲ್ಲಿ ಕಪ್ಪು-ಬಿಳುಪು ಮಾಡಿ ನೋಡಿ. ಏನು ಕಾಣಿಸಿತು ಅಂತ ಹೇಳಿ.

ಮಲ್ಲೇಶ್ವರಂ_ಮಾಲಾ

ನನ್ನದೂ ಇದೇ ಕಥೆ! ಹ್ಯಾಂಡ್‌ಬ್ಯಾಗ್ ಮೇಲಿನ ಪದರ ಸಿಪ್ಪೆ ಸಿಪ್ಪೆಯಾಗಿ ಉದುರುತ್ತಿದೆ. ಅಂಗಡಿಯವರು ಲೆದರ್ ಅಂತ ಹೇಳಿಯೇ ಕೊಟ್ಟಿದ್ದು. ಅದಕ್ಕೆ ಹೊಂದುವ ಪಾಲಿಶ್ ಹಚ್ಚಿದರೆ ಸರಿ ಹೋಗುತ್ತಾ?

ಪಟ್ಟಿ_ಬಕ್ಕಲ್

ಮಾಲಾ ಮೇಡಂ, ಅದು ಬಣ್ಣದ ಸಮಸ್ಯೆ ಅಲ್ಲ. ಬಟ್ಟೆಯ ಮೇಲೆ ಪ್ಲಾಸ್ಟಿಕ್ ಪದರ ಅಂಟಿಸಿದ ಬ್ಯಾಗ್ ಇರಬೇಕು. ಇಲ್ಲಾ, ಚರ್ಮದ ಪುಡಿಗೆ ಅಂಟು ಸೇರಿಸಿ ಹಾಳೆ ಮಾಡಿರುತ್ತಾರಲ್ಲ, ಅದು. ಸಿಪ್ಪೆ ಏಳಲು ಶುರುವಾದ ಮೇಲೆ ಯಾವ ಪಾಲಿಶೂ ಹಿಡಿದು ನಿಲ್ಲಿಸುವುದಿಲ್ಲ. ದುಡ್ಡು ಹಾಕಬೇಡಿ.

ಸುಹಾಸ್_ಶಿವಮೊಗ್ಗ

ಫೋಟೋ ತೆಗೆದೆ. ಕಪ್ಪು-ಬಿಳುಪು ಮಾಡಿದರೆ ಶೂ ಯಾವುದು, ಬೆಲ್ಟ್ ಯಾವುದು ಅಂತ ಹೇಳುವುದೇ ಕಷ್ಟ, ಎರಡೂ ಒಂದೇ ಬೂದು. ಬಣ್ಣದಲ್ಲಿ ನೋಡಿದರೆ ಶೂನಲ್ಲಿ ಒಂದು ಕೆಂಪು ಛಾಯೆ ಇದೆ, ರಾತ್ರಿ ಲೈಟಿನಲ್ಲಿ ಯಾವತ್ತೂ ಗಮನಿಸಿರಲಿಲ್ಲ. ಬೆಲ್ಟ್ ಹಳದಿ ಕಡೆಗೆ ಎಳೆಯುತ್ತದೆ, ಸ್ವಲ್ಪ ಹಸಿರು ಅಂದರೂ ತಪ್ಪಿಲ್ಲ. ಬೆಲ್ಟಿನ ಅಂಚಿನಲ್ಲಿ ತಿಳಿ ಕಿತ್ತಳೆ ದಾರದ ಹೊಲಿಗೆಯೂ ಇದೆ.

ಪಟ್ಟಿ_ಬಕ್ಕಲ್

ಸಿಕ್ಕಿತು ನೋಡಿ. ನಿಮ್ಮ ಮನೆಯವರ ಕಣ್ಣು ಚೆನ್ನಾಗಿದೆ.

ಬ್ರೌನ್‌ನಲ್ಲಿ ಎರಡು ವಿಷಯ ಬೇರೆ ಬೇರೆ ನೋಡಬೇಕು. ಒಂದು, ಎಷ್ಟು ಗಾಢ. ಇನ್ನೊಂದು, ಅದು ಕೆಂಪಿನ ಕಡೆ ವಾಲುತ್ತದೋ ಹಳದಿಯ ಕಡೆಯೋ. ಜನ ಮೊದಲನೆಯದನ್ನು ಮಾತ್ರ ನೋಡುತ್ತಾರೆ. ನಿಮ್ಮ ಎರಡರದ್ದೂ ಗಾಢ ಒಂದೇ, ವಾಲುವ ದಿಕ್ಕು ಮಾತ್ರ ಉಲ್ಟಾ. ಎಲ್ಲಕ್ಕಿಂತ ಕೆಟ್ಟ ಜೋಡಿ ಇದೇ. ಯಾಕೆಂದರೆ ನೋಡುವವರಿಗೆ "ಇವನು ಒಂದೇ ಬಣ್ಣ ಹಾಕಲು ಹೋಗಿ ಸಿಗದೆ ಬಿಟ್ಟಿದ್ದಾನೆ" ಅಂತ ಕಾಣಿಸುತ್ತದೆ. ಇದೇ ಶೂಗೆ ಕೆಂಪು ಕಡೆಯದ್ದೇ ಆದ, ಆದರೆ ಸ್ಪಷ್ಟವಾಗಿ ತಿಳಿಯಾದ ಬೆಲ್ಟ್ ಹಾಕಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಬೇಕು ಅಂತಲೇ ಮಾಡಿದ್ದು ಅಂತ ಕಾಣುತ್ತಿತ್ತು.

ಅಂದರೆ ಒಂದೋ ಪೂರ್ತಿ ಹತ್ತಿರ ಇರಬೇಕು, ಇಲ್ಲ ಎರಡು ಮೆಟ್ಟಿಲಾದರೂ ದೂರ ಇರಬೇಕು. ಅರ್ಧ ಮೆಟ್ಟಿಲ ವ್ಯತ್ಯಾಸವೇ ಕಣ್ಣಿಗೆ ಚುಚ್ಚುವುದು. ದೂರ ಇಟ್ಟರೂ ವಾಲುವ ದಿಕ್ಕು ಒಂದೇ ಇರಲಿ. ರಂಗಣ್ಣನ "ಅಚ್ಚೊತ್ತಿದ ಹಾಗೆ" ಎನ್ನುವುದು ಸಿಕ್ಕರೆ ಸರಿ, ಆದರೆ ಅದೇ ಗುರಿ ಇಟ್ಟುಕೊಂಡರೆ ಹೆಚ್ಚಿನವರು ಬಂದು ನಿಲ್ಲುವುದು ಈ ಅರ್ಧ ಮೆಟ್ಟಿಲಲ್ಲೇ.

ರೂಲ್ಸ್_ರಂಗಣ್ಣ

ಸರಿ ಸ್ವಾಮಿ, ಆದರೆ ರಿಸೆಪ್ಷನ್‌ನಲ್ಲಿ ಯಾರು ಬಂದು ಕಪ್ಪು-ಬಿಳುಪು ಫೋಟೋ ತೆಗೆದು ನೋಡುತ್ತಾರೆ? ಅಷ್ಟು ಕಷ್ಟ ಯಾಕೆ, ಆ ಬೆಲ್ಟಿಗೆ ಶೂ ಬಣ್ಣದ ಪಾಲಿಶ್ ನಾಲ್ಕು ಸಲ ತಿಕ್ಕಿದರೆ ಆಯಿತು ಅಲ್ವಾ?

ಪಟ್ಟಿ_ಬಕ್ಕಲ್

ಆಗಬಹುದು, ಆಗದೆಯೂ ಇರಬಹುದು. ಮೊದಲು ನೀರಿನ ಹನಿ ಹಾಕಿ ನೋಡಬೇಕು. ಬೆಲ್ಟಿನ ತುದಿಯಲ್ಲಿ, ಲೂಪಿನೊಳಗೆ ಮುಚ್ಚಿಹೋಗುವ ಕಡೆ, ಒಂದು ಹನಿ ಬಿಡಿ. ಒಂದೆರಡು ನಿಮಿಷದಲ್ಲಿ ಹೀರಿಕೊಂಡು ಆ ಜಾಗ ಗಾಢವಾದರೆ ಚರ್ಮ ತೆರೆದಿದೆ, ಕ್ರೀಮ್ ಪಾಲಿಶೋ ಲೆದರ್ ಡೈಯೋ ಒಳಗೆ ಇಳಿಯುತ್ತದೆ. ಹನಿ ಮುತ್ತಿನ ಹಾಗೆ ಹಾಗೇ ನಿಂತರೆ ಮೇಲೆ ಬಣ್ಣದ ಪದರ ಕೂರಿಸಿದ್ದಾರೆ ಅಂತ. ಅದರ ಮೇಲೆ ಎಷ್ಟು ತಿಕ್ಕಿದರೂ ಪಾಲಿಶ್ ಮೇಲೇ ಕೂರುತ್ತದೆ, ಆಮೇಲೆ ಬಿಳಿ ಶರ್ಟಿಗೆ ಇಳಿಯುತ್ತದೆ. ಸುಹಾಸ್ ಹಾಕುವುದು ಬಿಳಿ ಶರ್ಟು ಬೇರೆ.

ಇನ್ನೊಂದು ಮಾತು. ಚರ್ಮವನ್ನು ಗಾಢ ಮಾಡಬಹುದು, ತಿಳಿ ಮಾಡುವುದು ಮನೆಯಲ್ಲಿ ಆಗುವ ಕೆಲಸ ಅಲ್ಲ. ಅದಕ್ಕೆ ಶೂವನ್ನು ಬೆಲ್ಟ್ ಕಡೆ ಎಳೆಯುವ ಯೋಚನೆ ಬಿಡಿ.

ಸುಹಾಸ್_ಶಿವಮೊಗ್ಗ

ಹನಿ ಹಾಗೇ ನಿಂತಿತು ಸಾರ್. ಒರೆಸಿದರೆ ಗುರುತೂ ಇಲ್ಲ.

ಅಥಣಿ_ಕಡೆಯವ

ನಡುವೆ ಬಾಯಿ ಹಾಕತೀನಿ, ತಪ್ಪು ತಿಳಿಯಬ್ಯಾಡ್ರಿ. ನಾನು ಮದುವೆಗೆ ಪಂಚೆ ಉಡವ. ನಮ್ಮ ಅಥಣಿ ಕಡೆ ಮಾಡಿದ ಹೊಸಾ ಚಪ್ಪಲಿ ಅದಾವ. ಎಲ್ಲಾರೂ ಕೊಲ್ಲಾಪುರಿ ಅಂತಾರ, 2019ರಾಗ ಜಿಐ ಟ್ಯಾಗ್ ಬಂದಾಗ ಮಹಾರಾಷ್ಟ್ರದ ಜಿಲ್ಲೆಗಳ ಜೋಡಿ ಬೆಳಗಾವಿ, ಬಾಗಲಕೋಟಿ, ಧಾರವಾಡ, ವಿಜಯಪುರನೂ ಸೇರ್ಯಾವ ಅನ್ನೂದು ಯಾರಿಗೂ ನೆನಪಿರಂಗಿಲ್ಲ. ಇರಲಿ. ಚಪ್ಪಲಿ ಈಗ ತಿಳಿ ಬಣ್ಣ ಐತಿ. ಅದಕ್ಕ ಹೊಂದೂ ವಾಚ್ ಪಟ್ಟಿ ತಗೋಬೇಕು. ಯಾವ ಬಣ್ಣ ತಗೊಳ್ಳಿ? ಬೆಲ್ಟಿನ ತಾಪತ್ರಯ ನನಗಿಲ್ಲ. ಕಿಸೆ ಇರೂ ಅಗಲ ಬೆಲ್ಟ್ ನಮ್ಮ ಅಜ್ಜನ ಕಾಲಕ್ಕ ಮುಗೀತು.

ಪಟ್ಟಿ_ಬಕ್ಕಲ್

ಅಣ್ಣಾರ, ಈಗಿನ ಬಣ್ಣಕ್ಕೆ ಪಟ್ಟಿ ಹುಡುಕಬ್ಯಾಡ್ರಿ. ಆ ಚರ್ಮವನ್ನು ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿರುತ್ತಾರೆ. ಅಂಥದ್ದು ಬಿಸಿಲು, ಎಣ್ಣೆ, ಬೆವರು ತಾಗಿದಂತೆಲ್ಲ ಗಾಢ ಆಗುತ್ತಾ ಹೋಗುತ್ತದೆ. ಇವತ್ತು ಹೊಂದಿದ ಪಟ್ಟಿ ಮುಂದಿನ ಬೇಸಿಗೆಗೆ ಹೊಂದುವುದಿಲ್ಲ. ಇಷ್ಟು ದಿನ ಹಾಕಿದ ಹಳೆ ಜೋಡಿ ಮನೆಯಲ್ಲಿದ್ದರೆ ಅದರ ಬಣ್ಣ ನೋಡಿ ಪಟ್ಟಿ ತಗೊಳ್ಳಿ. ಚಪ್ಪಲಿ ನಿಧಾನಕ್ಕೆ ಅದರ ಹತ್ತಿರ ಬರುತ್ತದೆ. ಮದುವೆ ದಿನ ಪಟ್ಟಿ ಸ್ಪಷ್ಟವಾಗಿ ಗಾಢ ಕಾಣುತ್ತದೆ, ಅದು ಚೆನ್ನಾಗಿಯೇ ಇರುತ್ತದೆ. ಹೊಸ ಚಪ್ಪಲಿಗೆ ಬೇಗ ಬಣ್ಣ ಬರಲಿ ಅಂತ ಎಣ್ಣೆ ಸುರಿಯಬೇಡಿ, ಕಲೆ ಕಲೆಯಾಗಿ ಏಳುತ್ತದೆ.

ಅಥಣಿ_ಕಡೆಯವ

ಎಣ್ಣಿ ಹಚ್ಚೇ ಹಚ್ಚತೀವ್ರಿ ನಾವು. ಮೆತ್ತಗ ಆಗಬೇಕಲ್ಲ. ಹಳೇ ಜೋಡಿ ಐತಿ, ಅದನ್ನ ಹಿಡಕೊಂಡು ಹೋಗತೀನಿ.

ಕೀಲಿ_ವಾಚು

ಎಚ್‌ಎಂಟಿ ಅಂದಿದ್ದಕ್ಕೆ ಬಂದೆ. ಬೆಂಗಳೂರಿನಲ್ಲಿ 1961ರಲ್ಲಿ ಶುರುವಾದ ಕಾರ್ಖಾನೆ, ಅಪ್ಪನ ಕಾಲದ್ದು ಮತ್ತೆ ಸಿಗಲ್ಲ, ಜೋಪಾನ ಮಾಡಿ.

ಸುಹಾಸ್, ಮೂರರಲ್ಲಿ ಎಲ್ಲಕ್ಕಿಂತ ಸುಲಭವಾಗಿ, ಕಡಿಮೆ ದುಡ್ಡಿಗೆ ಬದಲಾಗುವುದು ವಾಚ್ ಪಟ್ಟಿ. ಅದಕ್ಕೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಶೂ ಮೊದಲು, ಬೆಲ್ಟ್ ಆಮೇಲೆ, ಪಟ್ಟಿ ಕೊನೆಗೆ. ಜನ ಉಲ್ಟಾ ಮಾಡಿ ಸಿಕ್ಕಿಹಾಕಿಕೊಳ್ಳುತ್ತಾರೆ, ಚೆಂದದ ವಾಚು ತಗೊಂಡು ಅದರ ಪಟ್ಟಿಗೆ ಹೊಂದುವ ಶೂ ಹುಡುಕುತ್ತಾ ತಿರುಗುತ್ತಾರೆ.

ಪಟ್ಟಿ ಕೂರುವ ಎರಡು ಕೊಂಬಿನ ನಡುವಿನ ಅಗಲವನ್ನು ಸ್ಕೇಲಿನಲ್ಲಿ ಅಳೆಯಿರಿ. ಹಳೆ ವಾಚುಗಳಲ್ಲಿ 18 ಮಿಲಿಮೀಟರ್ ಸಾಮಾನ್ಯ, ಆದರೆ ಊಹೆ ಮಾಡಬೇಡಿ. ಒಂದು ಮಿಲಿಮೀಟರ್ ದೊಡ್ಡದು ತಗೊಂಡು ತುರುಕಿದರೆ ಅಂಚು ಸುಕ್ಕಾಗುತ್ತದೆ. ಚಿಕ್ಕದಾದರೆ ಪಿನ್ನು ಕಾಣುತ್ತದೆ. ದಪ್ಪ ಪ್ಯಾಡ್ ತುಂಬಿದ ಪಟ್ಟಿ ಬೇಡ, ಅಷ್ಟು ತೆಳು ವಾಚಿಗೆ ಅದು ಭಾರ. ಪಟ್ಟಿಯ ಬಕಲ್ ಬಂಗಾರದ ಬಣ್ಣದ್ದೇ ಕೇಳಿ. ಅಂಗಡಿಯಲ್ಲಿ ಸ್ಟೀಲ್ ಬಕಲ್ ಹಾಕಿ ಕೊಟ್ಟುಬಿಡುತ್ತಾರೆ, ಬೇಕಾದರೆ ಅಲ್ಲೇ ಬದಲಾಯಿಸಿಕೊಡುತ್ತಾರೆ.

ಸುಹಾಸ್_ಶಿವಮೊಗ್ಗ

ಅಳೆದೆ, 18 ಸರಿಯಾಗಿದೆ. ಈಗ ಇರುವ ಕಪ್ಪು ಪಟ್ಟಿಯನ್ನೇ ಇಟ್ಟುಕೊಂಡರೆ? ಅಪ್ಪ ಕಪ್ಪೇ ಹಾಕುತ್ತಿದ್ದರು.

ರೂಲ್ಸ್_ರಂಗಣ್ಣ

ಬ್ರೌನ್ ಶೂಗೆ ಕಪ್ಪು ಪಟ್ಟಿ? ಸಾಧ್ಯವೇ ಇಲ್ಲ. ಇದರಲ್ಲಿ ರಾಜಿ ಇಲ್ಲ.

ಕೀಲಿ_ವಾಚು

ಯಾಕಿಲ್ಲ? ಶೂಗೂ ಮಣಿಕಟ್ಟಿಗೂ ನಡುವೆ ಒಂದಿಡೀ ಪ್ಯಾಂಟು ಇದೆ. ಬೆಲ್ಟ್ ಮತ್ತು ಶೂ ನಿಂತಾಗ ಒಂದೇ ನೋಟಕ್ಕೆ ಸಿಗುತ್ತವೆ. ವಾಚು ಅರ್ಧ ಹೊತ್ತು ಶರ್ಟಿನ ತೋಳಿನೊಳಗೆ ಇರುತ್ತದೆ. ಮೇಲಾಗಿ ಕಪ್ಪು ಎಂದರೆ ಬ್ರೌನ್ ಆಗಲು ಹೋಗಿ ಸೋತ ಬಣ್ಣ ಅಂತ ಯಾರಿಗೂ ಅನ್ನಿಸುವುದಿಲ್ಲ. ಪಟ್ಟಿ_ಬಕ್ಕಲ್ ಹೇಳಿದ "ದೂರ" ಲೆಕ್ಕಕ್ಕೆ ಅದು ಸರಿಹೊಂದುತ್ತದೆ.

ಪಟ್ಟಿ_ಬಕ್ಕಲ್

ಇಲ್ಲಿ ನಾನು ರಂಗಣ್ಣನ ಪಕ್ಷ. ಶೂ ಬ್ರೌನ್, ಬೆಲ್ಟ್ ಬ್ರೌನ್ ಇದ್ದು ಪಟ್ಟಿ ಒಂದೇ ಕಪ್ಪಾದರೆ, ಮರೆತು ಬಂದ ಹಾಗೆ ಕಾಣುತ್ತದೆ. ಬಟ್ಟೆಯಲ್ಲಿ ಬೇರೆಲ್ಲಾದರೂ ಕಪ್ಪು ಇದ್ದರೆ ಒಪ್ಪಬಹುದು. ಡಯಲ್ ಕಪ್ಪಾಗಿದ್ದರೂ ಪರವಾಗಿಲ್ಲ. ಸುಹಾಸ್ ಅವರ ಡಯಲ್ ಯಾವ ಬಣ್ಣ?

ಸುಹಾಸ್_ಶಿವಮೊಗ್ಗ

ಬಿಳಿ ಅನ್ನಿ. ಹಳೆಯದಾಗಿ ಕೆನೆ ಬಣ್ಣಕ್ಕೆ ತಿರುಗಿದೆ.

ಪಟ್ಟಿ_ಬಕ್ಕಲ್

ಹಾಗಾದರೆ ನನ್ನ ಲೆಕ್ಕದಲ್ಲಿ ಬ್ರೌನ್ ಪಟ್ಟಿಯೇ. ಬಂಗಾರದ ಕೇಸು, ಕೆನೆ ಡಯಲ್ ಎರಡೂ ಬೆಚ್ಚಗಿನ ಬಣ್ಣ, ಕೆಂಪು ಕಡೆಯ ಬ್ರೌನ್ ಅದಕ್ಕೆ ಚೆನ್ನಾಗಿ ಕೂರುತ್ತದೆ.

ಈಗ ಬೆಲ್ಟ್ ವಿಷಯ. ನಿಮ್ಮ ಈಗಿನ ಬೆಲ್ಟನ್ನು ಜೀನ್ಸಿಗೆ ಇಟ್ಟುಕೊಳ್ಳಿ. ಕಿತ್ತಳೆ ದಾರದ ಹೊಲಿಗೆ ಇರುವುದು ಹೇಗೂ ಬ್ಲೇಜರ್ ಜೊತೆಗೆ ಹೋಗುವುದಿಲ್ಲ. ಬೆಲ್ಟ್ ಹೊಲಿದುಕೊಡುವವರು ನಿಮ್ಮೂರಲ್ಲೂ ಸಿಗುತ್ತಾರೆ. ಶೂ ಒಂದನ್ನು ಚೀಲಕ್ಕೆ ಹಾಕಿಕೊಂಡು ಹೋಗಿ. ಫೋಟೋ ತೋರಿಸಬೇಡಿ. ಚರ್ಮದ ತುಂಡನ್ನು ಶೂ ಮೇಲೆ ಇಟ್ಟು, ಅಂಗಡಿಯಿಂದ ಹೊರಗೆ ಬಂದು, ನೆರಳಿನಲ್ಲಿ ನಿಂತು ನೋಡಿ. ಒಳಗಿನ ಹಳದಿ ಲೈಟಿನಲ್ಲಿ ಎಲ್ಲಾ ಬ್ರೌನ್‌ಗಳೂ ಅಣ್ಣತಮ್ಮಂದಿರೇ. ಹೊರಗೆ ಹೊಂದಿದ ಮೇಲೆ ಇನ್ನೊಮ್ಮೆ ಒಳಗೆ ಹೋಗಿ ಲೈಟಿನಲ್ಲೂ ನೋಡಿ. ರಿಸೆಪ್ಷನ್ ಸಂಜೆ ಅಲ್ವಾ? ಎರಡು ಚರ್ಮಕ್ಕೆ ಬೇರೆ ಬೇರೆ ಬಣ್ಣ ಬೆರೆಸಿರುತ್ತಾರೆ, ಹಗಲಲ್ಲಿ ಜೊತೆಯಾಗಿದ್ದದ್ದು ಚೌಲ್ಟ್ರಿಯ ಲೈಟಿನಲ್ಲಿ ಬೇರೆಯಾಗುವುದು ಉಂಟು. ಎರಡು ಕಡೆಯೂ ಪಾಸಾದರೆ ತಗೊಳ್ಳಿ.

ಹೊಳಪನ್ನೂ ನೋಡಿ. ನಿಮ್ಮ ಶೂ ಮಿನುಗುವಷ್ಟು ಪಾಲಿಶ್ ಆಗಿದ್ದು ಬೆಲ್ಟ್ ಮಂಕಾಗಿದ್ದರೆ, ಬಣ್ಣ ಒಂದೇ ಇದ್ದರೂ ಶೂ ಒಂದು ಮೆಟ್ಟಿಲು ಗಾಢ ಕಾಣುತ್ತದೆ. ಪ್ಯಾಂಟಿನ ಬೆಲ್ಟು 32ರಿಂದ 35 ಮಿಲಿಮೀಟರ್ ಅಗಲ ಸಾಕು. ಉದ್ದ ಕೇಳಿದರೆ ಪ್ಯಾಂಟಿನ ಸೈಜು ಹೇಳಬೇಡಿ. ಈಗಿನ ಬೆಲ್ಟಿನಲ್ಲಿ ಚರ್ಮ ಬಕಲ್‌ಗೆ ಮಡಚಿಕೊಂಡ ಕಡೆಯಿಂದ ನೀವು ಹಾಕುವ ತೂತಿನವರೆಗೆ ಅಳೆದು ಆ ಅಳತೆ ಕೊಡಿ, ಅದೇ ನಡುವಿನ ತೂತಾಗಿ ಬರಲಿ ಅಂತ ಹೇಳಿ.

ಮಲ್ಲೇಶ್ವರಂ_ಮಾಲಾ

ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬ್ರೌನ್ ಇರುವ ಬೆಲ್ಟ್ ಬರುತ್ತದಲ್ಲ, ಬಕಲ್ ತಿರುಗಿಸುವುದು. ನಮ್ಮ ಯಜಮಾನರು ವರ್ಷಾನುಗಟ್ಟಲೆ ಅದರಲ್ಲೇ ಕಾಲ ಹಾಕಿದ್ದಾರೆ. ಅದನ್ನೇ ತಗೊಳ್ಳಬಾರದಾ?

ಕೀಲಿ_ವಾಚು

ಕಪ್ಪು ಕಡೆಗೆ ಒಳ್ಳೆಯದು ಮೇಡಂ. ಕಪ್ಪಿಗೆ ಕಪ್ಪು ಹೊಂದಿಸುವುದು ಕಷ್ಟವಲ್ಲ. ಬ್ರೌನ್ ಕಡೆ ಕಂಪನಿ ಕೊಟ್ಟ ಒಂದೇ ಬ್ರೌನ್, ಅದು ನಿಮ್ಮ ಶೂಗೆ ಸರಿಹೊಂದಿದರೆ ಅದೃಷ್ಟ. ತಿರುಗಿಸಿ ತಿರುಗಿಸಿ ಹಾಕಿದರೆ ಎರಡೂ ಮುಖಕ್ಕೆ ಮಡಿಕೆ ಬೀಳುತ್ತದೆ ಬೇರೆ.

ಸುಹಾಸ್_ಶಿವಮೊಗ್ಗ

ಅಪ್‌ಡೇಟ್. ಶೂ ಹಿಡಿದುಕೊಂಡು ಹೋದೆ. ಅಂಗಡಿಯಲ್ಲಿ ಮೂರು ಬ್ರೌನ್ ತೋರಿಸಿದರು. ಒಳಗೆ ನೋಡಿದಾಗ ನನಗೆ ಇಷ್ಟವಾಗಿದ್ದು ಹೊರಗೆ ತಂದರೆ ಮತ್ತೆ ಅದೇ ಹಳದಿ! ಎರಡನೆಯದು ತೀರಾ ಕೆಂಪು, ವೈನ್ ಬಣ್ಣದ ಹತ್ತಿರ. ಮೂರನೆಯದು ಶೂಗಿಂತ ಒಂದು ಕೂದಲೆಳೆ ತಿಳಿ, ಕೆಂಪು ಮಾತ್ರ ಸರಿಯಾಗಿದೆ. ನೀರಿನ ಹನಿ ಹಾಕಿದೆ, ಹೀರಿಕೊಂಡಿತು. ಅಂಗಡಿಯವರು ನನ್ನ ಮುಖ ನೋಡಿದರು, ಪಾಪ. ಅದನ್ನೇ 35 ಮಿಲಿಮೀಟರ್ ಅಗಲದಲ್ಲಿ ಹೊಲಿಯಲು ಹೇಳಿದ್ದೇನೆ, ಬಂಗಾರದ ಬಣ್ಣದ ಸಾದಾ ಬಕಲ್ ಜೊತೆಗೆ. ಇನ್ನು ಆ ಕೂದಲೆಳೆ ವ್ಯತ್ಯಾಸ ಹಾಗೇ ಬಿಡಲಾ?

ಪಟ್ಟಿ_ಬಕ್ಕಲ್

ಒಳ್ಳೆಯ ಆಯ್ಕೆ. ತಿಳಿ ಇರುವುದನ್ನು ಗಾಢ ಮಾಡಲು ಆಗುತ್ತದೆ, ಹೀರುವ ಚರ್ಮ ಬೇರೆ. ಶೂಗೆ ಹಚ್ಚುವ ಕ್ರೀಮ್ ಪಾಲಿಶನ್ನೇ ಬೆಲ್ಟಿಗೂ ಹಚ್ಚಿ. ಡಬ್ಬಿಯ ಗಟ್ಟಿ ಮೇಣದ ಪಾಲಿಶ್ ಬೇಡ, ಅದು ಹೊಳಪಿಗೆ ಜಾಸ್ತಿ, ಬಣ್ಣಕ್ಕೆ ಕಡಿಮೆ. ಮೊದಲು ತುದಿಯಲ್ಲಿ, ಲೂಪಿನೊಳಗೆ ಮುಚ್ಚಿಹೋಗುವ ಕಡೆ ಸ್ವಲ್ಪ ಹಚ್ಚಿ ಒಂದು ರಾತ್ರಿ ಬಿಟ್ಟು ನೋಡಿ, ಹಸಿಯಾಗಿದ್ದಾಗ ಗಾಢ ಕಂಡದ್ದು ಒಣಗಿದ ಮೇಲೆ ಇಳಿಯುತ್ತದೆ. ಸರಿ ಅನ್ನಿಸಿದರೆ ಮುಂಬದಿಗೆ ಮಾತ್ರ ತೆಳುವಾಗಿ ಒಂದು ಕೈ. ಒಣಗಿದ ಮೇಲೆ ಬಿಳಿ ಬನಿಯನ್ ಬಟ್ಟೆಯಲ್ಲಿ ಉಜ್ಜುತ್ತಾ ಇರಿ. ಬಟ್ಟೆಗೆ ಬಣ್ಣ ಬರುವುದು ಪೂರ್ತಿ ನಿಂತ ಮೇಲೆ ಮಾತ್ರ ಬಿಳಿ ಶರ್ಟಿನ ಮೇಲೆ ಕಟ್ಟಿ. ಅಂಚಿಗೂ ಹಿಂಬದಿಗೂ ಹಚ್ಚಬೇಡಿ.

ಮದುವೆ ಮುಗಿದ ಮೇಲೂ ಶೂಗೆ ಹಚ್ಚಿದಾಗಲೆಲ್ಲ ಬೆಲ್ಟಿಗೂ ಒಂದು ಸಲ ಒರೆಸಿ. ಒಟ್ಟಿಗೆ ತಗೊಂಡ ಜೋಡಿ ವರ್ಷದಲ್ಲಿ ಬೇರೆಯಾಗುವುದು ಇದಕ್ಕೇ. ಶೂ ಪ್ರತಿ ಪಾಲಿಶಿಗೂ ಬಣ್ಣ ಕುಡಿಯುತ್ತದೆ, ಬೆಲ್ಟು ಕೊಂಡ ದಿನ ಹೇಗಿತ್ತೋ ಹಾಗೇ ಮೊಳೆಗೆ ನೇತಾಡುತ್ತಿರುತ್ತದೆ.

ರೂಲ್ಸ್_ರಂಗಣ್ಣ

ಹಾಗಾದರೆ ಶೂಗೆ ಯಾವಾಗಲೂ ನ್ಯೂಟ್ರಲ್ ಪಾಲಿಶ್ ಹಚ್ಚಿದರೆ ಬಣ್ಣ ಬದಲಾಗುವುದೇ ಇಲ್ಲ. ಮುಗಿಯಿತಲ್ಲ?

ಪಟ್ಟಿ_ಬಕ್ಕಲ್

ಬದಲಾಗುವುದು ನಿಧಾನ ಆಗುತ್ತದೆ, ಅಷ್ಟರ ಮಟ್ಟಿಗೆ ಸರಿ. ಆದರೆ ಮೂತಿ ಗೀಚಿದಾಗ ಬಿಳಿಚಿದ ಗೆರೆಯನ್ನು ನ್ಯೂಟ್ರಲ್ ಮುಚ್ಚುವುದಿಲ್ಲ. ಆಗ ಬಣ್ಣದ್ದು ಬೇಕೇ ಬೇಕು. ಅಂಗಡಿಯಲ್ಲಿ "ಡಾರ್ಕ್ ಟ್ಯಾನ್" ಕೊಟ್ಟರೆ ತಗೊಳ್ಳುವ ಮೊದಲು ಶೂ ನಾಲಿಗೆಯ ಒಳಗಡೆ ಹಚ್ಚಿ ನೋಡಿ. ಆ ಹೆಸರಿನ ಡಬ್ಬಿ ಎಷ್ಟೋ ಡಾರ್ಕ್ ಬ್ರೌನ್ ಶೂಗಳನ್ನು ಕಿತ್ತಳೆ ಮಾಡಿದ್ದನ್ನು ನಾನು ರಿಪೇರಿಯಲ್ಲಿ ನೋಡಿದ್ದೇನೆ.

ಸುಹಾಸ್_ಶಿವಮೊಗ್ಗ

ಬೆಲ್ಟ್ ಬಂತು, ಕ್ರೀಮ್ ಒಂದು ಕೈ ಆಯಿತು. ಹಗಲಲ್ಲಿ ಬಿಳಿ ಹಾಳೆ ಮೇಲೆ ಇಟ್ಟು ನೋಡಿದೆ, ನನ್ನ ಕಣ್ಣಿಗೆ ಈಗ ವ್ಯತ್ಯಾಸ ಸಿಗುತ್ತಿಲ್ಲ. ಹೆಂಡತಿ "ಇದು ನಿಮ್ಮದೇ ಬೆಲ್ಟ್" ಅಂದಳು. ಪಟ್ಟಿ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. ಶೂ ಬಣ್ಣದ್ದೇ ಒಂದು, ಅದೇ ಕೆಂಪು ಕಡೆಯ ತಿಳಿ ಬ್ರೌನ್ ಒಂದು, ಎರಡನ್ನೂ ತಂದಿದ್ದೇನೆ. ತಿಳಿಯದು ಕೆನೆ ಡಯಲ್‌ಗೆ ಚೆನ್ನಾಗಿ ಕಾಣುತ್ತಿದೆ. ಅಮ್ಮ ಮಾತ್ರ ಕಪ್ಪೇ ಇರಲಿ ಅನ್ನುತ್ತಾರೆ.

ಕೀಲಿ_ವಾಚು

ಅಮ್ಮ ಹೇಳಿದ ಮೇಲೆ ಇಲ್ಲಿ ಯಾಕೆ ಕೇಳ್ತೀರಿ? ತಿಳಿ ಪಟ್ಟಿ ಹಾಕುವುದಾದರೆ ಒಂದು ಮಾತು. ಕುಣಿಯುವಾಗ ಬೆವರು ಇಳಿದು ಒಳಗಡೆ ಮತ್ತು ತೂತುಗಳ ಸುತ್ತ ಮೊದಲು ಕಪ್ಪಾಗುತ್ತದೆ. ಬಿಚ್ಚಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಡಬ್ಬಿಗೆ ಹಾಕದೆ ಗಾಳಿಗೆ ಇಡಿ.

ರೂಲ್ಸ್_ರಂಗಣ್ಣ

ಶೂ ಬಣ್ಣದ್ದೇ ಹಾಕು ಗುರು. ಮೂರೂ ಒಂದೇ. ನಾನು ಮೊದಲ ಪೋಸ್ಟಿನಲ್ಲೇ ಹೇಳಿದ್ದೆ.

ಅಥಣಿ_ಕಡೆಯವ

ನಂದು ಮುಗೀತ್ರಿ. ಹಳೇ ಚಪ್ಪಲಿ ಹಿಡಕೊಂಡು ಹೋಗಿ ಪಟ್ಟಿ ತಂದೆ. ಈಗ ಮಗಾ ಸ್ವೇಡ್ ಶೂ ತಂದಾನ, ಅದಕ್ಕ ಸ್ವೇಡ್ ಬೆಲ್ಟೇ ಬೇಕೇನು, ಸಾದಾ ಚರ್ಮದ್ದು ನಡೀತದೇನು ಅಂತ ಕೇಳಾಕತ್ಯಾನ. ಯಾರರ ಹೇಳ್ರಿ.